ಮೋಟಾರ್ ತಿರುಗಿದಾಗಲೇ ತೂಕ ತಪ್ಪುವುದೇಕೆ?

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಮಷೀನಿನ ಬಗ್ಗೆ ಮಾತಾಡುತ್ತೇನೆ. ರಾಗಿ ಹಿಟ್ಟನ್ನು ತೂಗಿ ಪ್ಯಾಕೆಟ್‌ಗೆ ತುಂಬುವ ಪ್ರೊಟೋಟೈಪ್ ಅದು. ಮಾಡಿದವರು ಇಬ್ಬರು ಹುಡುಗರು. ಮೆಕ್ಯಾನಿಕಲ್ ಕೆಲಸ ಚೆನ್ನಾಗಿತ್ತು, ಪ್ರೋಗ್ರಾಮೂ ಸರಿಯಾಗಿತ್ತು. ಮೋಟಾರ್ ನಿಂತಿದ್ದರೆ ತೂಕ ಗ್ರಾಮಿನ ಮಟ್ಟಿಗೆ ಸರಿ. ಮೋಟಾರ್ ಶುರುವಾದರೆ ಮಾತ್ರ ತೂಕ ಹುಚ್ಚೆದ್ದು ಕುಣಿಯುತ್ತಿತ್ತು. ಅವರು ನನ್ನ ಹತ್ತಿರ ತರುವ ಹೊತ್ತಿಗೆ ಕಂಟ್ರೋಲ್ ಬೋರ್ಡಿನ ಸುತ್ತ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿತ್ತು. ಅದನ್ನು ಎಲ್ಲಿಗೂ ಜೋಡಿಸಿರಲಿಲ್ಲ. ಅದರಿಂದ ಏನೂ ಬದಲಾಗಿರಲಿಲ್ಲ ಅನ್ನುವುದು ಬೇರೆ ಮಾತು.

ಮಷೀನಿನ ಒಳಗೆ ಏನಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. 24 ವೋಲ್ಟಿನ ಬ್ರಷ್ ಇರುವ ಡಿಸಿ ಗೇರ್ ಮೋಟಾರ್. ಹಿಟ್ಟು ತಳ್ಳುವ ಸ್ಕ್ರೂವನ್ನು ಅದು ತಿರುಗಿಸುತ್ತದೆ, ಸುಮಾರು 5 ಆಂಪಿಯರ್ ಎಳೆಯುತ್ತದೆ. ಅದನ್ನು ಒಂದು ಮಾಸ್ಫೆಟ್ ಸೆಕೆಂಡಿಗೆ 20 ಸಾವಿರ ಸಲ ಆನ್-ಆಫ್ ಮಾಡಿ ವೇಗ ಹಿಡಿತದಲ್ಲಿಡುತ್ತದೆ. ತೂಕಕ್ಕೆ 10 ಕೆಜಿಯ ಲೋಡ್ ಸೆಲ್. ಅದನ್ನು ಓದಲು ಎಚ್‌ಎಕ್ಸ್ 711 ಚಿಪ್ ಇರುವ ಸಣ್ಣ ಬೋರ್ಡ್, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದಲ್ಲ, ಅದೇ. ಮೋಟಾರ್, ಲೋಡ್ ಸೆಲ್ ಎರಡನ್ನೂ ಒಂದೇ ಕಬ್ಬಿಣದ ಫ್ರೇಮಿಗೆ ಬೋಲ್ಟ್ ಮಾಡಿದ್ದರು.

ಈಗ ಒಂದು ಲೆಕ್ಕ. ಲೋಡ್ ಸೆಲ್ ಒಂದು ವೋಲ್ಟಿಗೆ 2 ಮಿಲಿವೋಲ್ಟ್ ಕೊಡುವಂಥದ್ದು. 5 ವೋಲ್ಟ್ ಕೊಟ್ಟರೆ ಪೂರ್ತಿ 10 ಕೆಜಿಗೆ ಬರುವುದು 10 ಮಿಲಿವೋಲ್ಟ್. ಅಂದರೆ ಒಂದು ಗ್ರಾಮಿಗೆ ಒಂದು ಮೈಕ್ರೊವೋಲ್ಟ್. ಪಕ್ಕದಲ್ಲೇ 24 ವೋಲ್ಟ್ ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಸಲ ಮೇಲೆ ಕೆಳಗೆ ಹಾರುತ್ತಿದೆ. ಎರಡಕ್ಕೂ ನಡುವೆ ಎರಡು ಕೋಟಿ ಪಟ್ಟಿಗಿಂತ ಜಾಸ್ತಿ ಅಂತರ. ಹಾಗಾಗಿ ತೂಕ ಯಾಕೆ ತಪ್ಪಿತು ಅಂತ ಆಶ್ಚರ್ಯಪಡಬೇಕಿಲ್ಲ. ಯಾವ ದಾರಿಯಲ್ಲಿ ತಪ್ಪಿತು ಅನ್ನುವುದನ್ನೇ ಹುಡುಕಬೇಕು.

ಹುಡುಕುವ ಮೊದಲು ತಪ್ಪು ಓದುಗಳನ್ನು ಸಾಲಾಗಿ ಬರೆದು ನೋಡಿದೆವು. ಇದನ್ನು ಜನ ಮಾಡುವುದೇ ಇಲ್ಲ. ‘ನಾಯ್ಸ್ ಇದೆ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಬರೆದು ನೋಡಿದಾಗ ಎರಡು ಬೇರೆ ಬೇರೆ ತೊಂದರೆಗಳು ಕಾಣಿಸಿದವು. ಒಂದು, ಮೋಟಾರ್ ಓಡುವಷ್ಟೂ ಹೊತ್ತು ತೂಕ ಸುಮಾರು 40 ಗ್ರಾಂ ಜಾಸ್ತಿ ತೋರಿಸುತ್ತಿತ್ತು. ಹೆಚ್ಚು ಅಲುಗಾಡದೆ, ಸುಮ್ನೆ 40 ಗ್ರಾಂ ಮೇಲೆ ಕೂತಿತ್ತು. ಇನ್ನೊಂದು, ಆಗಾಗ ಒಂದು ಓದು ಸುಮಾರು ಎರಡರಷ್ಟಾಗುತ್ತಿತ್ತು, ಅದರ ಮುಂದಿನ ಓದು ತೂಕಕ್ಕೆ ಸಂಬಂಧವೇ ಇಲ್ಲದ ಯಾವುದೋ ಸಂಖ್ಯೆಯಾಗಿರುತ್ತಿತ್ತು. ಆಮೇಲೆ ಮತ್ತೆ ಸರಿ.

ಎರಡನೆಯದಕ್ಕೆ ಉತ್ತರ ಚಿಪ್ಪಿನ ಡೇಟಾಶೀಟಿನಲ್ಲೇ ಇದೆ. ಎಚ್‌ಎಕ್ಸ್ 711ರಿಂದ ಒಂದು ತೂಕ ಓದಲು ಕ್ಲಾಕ್ ತಂತಿಯ ಮೇಲೆ 25 ಪಲ್ಸ್ ಕಳಿಸಬೇಕು. 24 ಪಲ್ಸ್‌ಗೆ 24 ಬಿಟ್ ಬರುತ್ತವೆ. ಒಟ್ಟು ಎಷ್ಟು ಪಲ್ಸ್ ಬಂದವು ಅನ್ನುವುದರ ಮೇಲೆ ಮುಂದಿನ ಓದು ಯಾವುದು ಅಂತ ಚಿಪ್ ತೀರ್ಮಾನಿಸುತ್ತದೆ. 25 ಆದರೆ ಚಾನಲ್ ಎ, ಸಿಗ್ನಲ್ಲನ್ನು 128 ಪಟ್ಟು ಹಿಗ್ಗಿಸಿ. 26 ಆದರೆ ಚಾನಲ್ ಬಿ, 32 ಪಟ್ಟು. ನಾವು 25 ಕಳಿಸಿದ್ದೇವೆ, ನಡುವೆ ನಾಯ್ಸ್‌ನಿಂದ ಒಂದು ಸುಳ್ಳು ಪಲ್ಸ್ ಸೇರಿಕೊಂಡಿದೆ ಅಂದುಕೊಳ್ಳಿ. ಆಗ ಚಿಪ್ ನಮಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒಂದು ಬಿಟ್ ನಮ್ಮ ಕೈತಪ್ಪುತ್ತದೆ, ಉಳಿದವೆಲ್ಲ ಒಂದು ಸ್ಥಾನ ಎಡಕ್ಕೆ ಸರಿಯುತ್ತವೆ. ಅದು ಮೊದಲಿನ ಸೊನ್ನೆಗಳಲ್ಲೊಂದಾದರೆ ಸಂಖ್ಯೆ ಎರಡರಷ್ಟಾಗುತ್ತದೆ. ಚಿಪ್ 26 ಎಣಿಸಿದೆ, ಹಾಗಾಗಿ ಮುಂದಿನ ಸಲ ಚಾನಲ್ ಬಿ ಓದುತ್ತದೆ. ಅಲ್ಲಿಗೆ ಯಾವ ಲೋಡ್ ಸೆಲ್ಲೂ ಜೋಡಿಸಿಲ್ಲ. ಎರಡರಷ್ಟು, ಆಮೇಲೆ ಅಸಂಬದ್ಧ, ಆಮೇಲೆ ಸರಿ. ಇಷ್ಟು ಕಂಡರೆ ಸಾಕು, ತೊಂದರೆ ಇರುವುದು ಕ್ಲಾಕ್ ತಂತಿಯಲ್ಲಿ, ತೂಕದ ತಂತಿಯಲ್ಲಲ್ಲ.

ಆಮೇಲೆ ಎರಡು ಪರೀಕ್ಷೆ ಮಾಡಿದೆವು. ಯಾವ ಮೋಟಾರ್ ಮಷೀನಿಗೂ ನಾನು ಮೊದಲು ಮಾಡುವುದು ಇವೇ. ದುಬಾರಿ ಉಪಕರಣ ಏನೂ ಬೇಡ. ಮೊದಲನೆಯದು, ಮೋಟಾರ್ ಬಿಚ್ಚಿ ಅದೇ ತಂತಿಗೆ 24 ವೋಲ್ಟಿನ ಲಾರಿ ಹೆಡ್‌ಲೈಟ್ ಬಲ್ಬ್ ಹಾಕುವುದು. ಬಲ್ಬಿಗೂ ಸ್ವಿಚಿಂಗ್ ಆಗುತ್ತದೆ, ಕರೆಂಟೂ ಸುಮಾರು ಅಷ್ಟೇ ಹರಿಯುತ್ತದೆ. ಆದರೆ ಬ್ರಷ್ ಇಲ್ಲ, ಫ್ರೇಮಿಗೆ ತಾಗುವ ಲೋಹದ ಮೈ ಇಲ್ಲ. ಎರಡನೆಯದು, ಮಾಸ್ಫೆಟ್ ಬಿಟ್ಟು ಮೋಟಾರನ್ನು ನೇರವಾಗಿ ಸಪ್ಲೈಗೆ ಕೊಡುವುದು. ಆಗ ಬ್ರಷ್ ಕಿಡಿ ಇದೆ, ಸ್ವಿಚಿಂಗ್ ಇಲ್ಲ.

ಬಲ್ಬ್ ಹಾಕಿದಾಗ ಎರಡರಷ್ಟಾಗುವ ಓದುಗಳು ಹಾಗೇ ಬಂದವು, 40 ಗ್ರಾಂ ಮಾತ್ರ ಬಹುಪಾಲು ಮಾಯವಾಯಿತು. ನೇರ ಸಪ್ಲೈಗೆ ಕೊಟ್ಟಾಗ ಎರಡೂ ಹೋದವು, ಒಂದೆರಡು ಗ್ರಾಮಿನ ಅಲುಗಾಟ ಉಳಿಯಿತು. ಅಂದರೆ ಬ್ರಷ್ ದೊಡ್ಡ ಅಪರಾಧಿಯಲ್ಲ. ಸುಳ್ಳು ಪಲ್ಸ್‌ಗೆ ಕಾರಣ ಸ್ವಿಚ್ ಆಗುವ ಕರೆಂಟ್. 40 ಗ್ರಾಮಿಗೆ ಕಾರಣ ಸ್ವಿಚ್ ಆಗುವ ವೋಲ್ಟೇಜ್, ಅದೂ ಮೋಟಾರಿನ ಮೈ ಮೂಲಕ. ಎರಡು ಕಾಯಿಲೆ, ಎರಡು ಮದ್ದು.

ಮೊದಲು ಕರೆಂಟಿನ ಕಾಯಿಲೆ. ಕಂಟ್ರೋಲ್ ಬೋರ್ಡಿನ ಗ್ರೌಂಡ್ ತಂತಿ ಮಾಸ್ಫೆಟ್ ಹತ್ತಿರ ಬಂದು ಸೇರಿತ್ತು. ಅಲ್ಲಿಂದ ಸಪ್ಲೈ ತಂತಿ ಬಂದು ಸೇರುವ ಟರ್ಮಿನಲ್‌ಗೆ ಒಂದೇ ಕಪ್ಪು ತಂತಿ, ಸುಮಾರು 10 ಸೆಂಟಿಮೀಟರ್. ಎಚ್‌ಎಕ್ಸ್ 711 ಬೋರ್ಡಿನ ಗ್ರೌಂಡನ್ನು ಮಾತ್ರ ಸೀದಾ ಸಪ್ಲೈ ಟರ್ಮಿನಲ್‌ಗೆ ಕೊಟ್ಟಿದ್ದರು. ‘ಸರ್, ಎರಡೂ ಗ್ರೌಂಡೇ ಅಲ್ವಾ, ಮಲ್ಟಿಮೀಟರಲ್ಲಿ ಸೊನ್ನೆ ಓಮ್ ತೋರಿಸುತ್ತದೆ’ ಅಂದರು. ಮಲ್ಟಿಮೀಟರ್ ಹೇಳಿದ್ದು ಸುಳ್ಳಲ್ಲ. ಅರ್ಧ ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ 10 ಸೆಂಟಿಮೀಟರ್ ಉದ್ದಕ್ಕೆ ಸುಮಾರು 3.5 ಮಿಲಿಓಮ್. 5 ಆಂಪಿಯರ್ ಹರಿದರೆ 17 ಮಿಲಿವೋಲ್ಟ್ ಅಷ್ಟೇ. ಕ್ಲಾಕ್ ತಂತಿಗೆ ಅದರಿಂದ ಏನೂ ಆಗುವುದಿಲ್ಲ.

ಆದರೆ ತಂತಿಗೆ ಇಂಡಕ್ಟೆನ್ಸ್ ಅಂತ ಇನ್ನೊಂದು ಗುಣ ಇದೆ, ಕರೆಂಟು ತಟ್ಟನೆ ಬದಲಾಗುವುದನ್ನು ಅದು ತಡೆಯುತ್ತದೆ. ಬಿಡಿ ತಂತಿಗೆ ಸೆಂಟಿಮೀಟರಿಗೆ ಸುಮಾರು 10 ನ್ಯಾನೊಹೆನ್ರಿ ಅಂತ ಇಟ್ಟುಕೊಳ್ಳಿ. ಒರಟು ಲೆಕ್ಕಕ್ಕೆ ಅದು ಸಾಕು. 10 ಸೆಂಟಿಮೀಟರಿಗೆ 100 ನ್ಯಾನೊಹೆನ್ರಿ. ಅವರ ಮಾಸ್ಫೆಟ್ 5 ಆಂಪಿಯರನ್ನು ಸುಮಾರು 50 ನ್ಯಾನೊಸೆಕೆಂಡಿನಲ್ಲಿ ಆನ್ ಮಾಡುತ್ತಿತ್ತು. ಈಗ ನೋಡಿ:

```
V = L × di/dt
  = 100 nH × (5 A / 50 ns)
  = 10 V
```

17 ಮಿಲಿವೋಲ್ಟ್ ಅಂದುಕೊಂಡ ತಂತಿಯ ಮೇಲೆ 10 ವೋಲ್ಟ್! ಆ ತಂತಿಯೇ ಕರೆಂಟಿನ ಏರಿಕೆಯನ್ನು ಸ್ವಲ್ಪ ನಿಧಾನಿಸುತ್ತದೆ, ಹಾಗಾಗಿ ನಿಜದಲ್ಲಿ ಕಮ್ಮಿ ಬರುತ್ತದೆ. ಮೂರು ವೋಲ್ಟ್ ಬಂದರೂ ಸಾಕಲ್ಲ. ಕಂಟ್ರೋಲ್ ಬೋರ್ಡ್ ‘ಸೊನ್ನೆ’ ಅಂತ ಕಳಿಸಿದ್ದನ್ನು ಎಚ್‌ಎಕ್ಸ್ 711 ಒಂದು ಕ್ಷಣ ‘ಒಂದು’ ಅಂತ ಓದುತ್ತದೆ. ಸುಳ್ಳು ಪಲ್ಸ್ ಹುಟ್ಟಿದ್ದು ಹೀಗೆ. ಇದಕ್ಕೆ ದಪ್ಪ ತಂತಿ ಹಾಕಿದರೂ ಪ್ರಯೋಜನ ತೀರಾ ಕಮ್ಮಿ. ದಪ್ಪ ಮಾಡಿದರೆ ಓಮ್ ಇಳಿಯುತ್ತದೆ, ಇಂಡಕ್ಟೆನ್ಸ್ ಅಷ್ಟೇನೂ ಇಳಿಯುವುದಿಲ್ಲ. ಅದನ್ನು ಇಳಿಸಬೇಕಾದರೆ ಉದ್ದ ಕಮ್ಮಿ ಮಾಡಬೇಕು, ಹೋಗುವ ತಂತಿ ಬರುವ ತಂತಿ ಒಂದಕ್ಕೊಂದು ಅಂಟಿಕೊಂಡಿರಬೇಕು.

ಇನ್ನೂ ಒಳ್ಳೆಯ ದಾರಿ, ಆ ಕರೆಂಟು ಆ ತಂತಿಗೆ ಬರದ ಹಾಗೆ ಮಾಡುವುದು. ಇಲ್ಲಿ ಒಂದು ವಿಷಯ ಗಮನಿಸಿ. ಮೋಟಾರಿನ ಒಳಗೆ ಕರೆಂಟ್ ಹೆಚ್ಚುಕಮ್ಮಿ ಒಂದೇ ಸಮ ಹರಿಯುತ್ತದೆ, ಸುರುಳಿ ಅದನ್ನು ತಟ್ಟನೆ ಬದಲಾಗಲು ಬಿಡುವುದಿಲ್ಲ. ಮಾಸ್ಫೆಟ್ ಆನ್ ಇದ್ದಾಗ ಆ ಕರೆಂಟು ಸಪ್ಲೈನಿಂದ ಬರುತ್ತದೆ. ಆಫ್ ಆದಾಗ ಡಯೋಡ್ ಮೂಲಕ ಸುತ್ತುತ್ತದೆ. ತುಂಡು ತುಂಡಾಗಿ ಹರಿಯುವುದು ಮಾಸ್ಫೆಟ್, ಡಯೋಡ್, ಇವಕ್ಕೆ ಕರೆಂಟ್ ಒದಗಿಸುವ ಕೆಪಾಸಿಟರ್, ಈ ಮೂರರ ಸುತ್ತಿನಲ್ಲಿ ಮಾತ್ರ. ಅದನ್ನು ಬಿಸಿ ಸುತ್ತು ಅನ್ನೋಣ. ಲೇಔಟಿನ ಮೊದಲ ಕೆಲಸ ಈ ಸುತ್ತನ್ನು ಹೆಬ್ಬೆರಳ ಉಗುರಿನಷ್ಟು ಸಣ್ಣದು ಮಾಡುವುದು.

ಹುಡುಗರ ಮಷೀನಿನಲ್ಲಿ ಈ ಸುತ್ತು ಎಷ್ಟು ದೊಡ್ಡದಿತ್ತು ಗೊತ್ತಾ? ಮಾಸ್ಫೆಟ್ ಹತ್ತಿರ ಕೆಪಾಸಿಟರೇ ಇರಲಿಲ್ಲ, ಒಂದು ಮೀಟರ್ ದೂರದ ಸಪ್ಲೈ ಒಳಗೆ ಇದ್ದದ್ದೇ ಇದ್ದದ್ದು. ಡಯೋಡನ್ನು ಮೋಟಾರಿನ ಟರ್ಮಿನಲ್ ಮೇಲೆ ಬೆಸುಗೆ ಹಾಕಿದ್ದರು. ‘ಡಯೋಡ್ ಮೋಟಾರಿಗೆ ಅಡ್ಡ ಹಾಕಿ’ ಅಂತ ಎಲ್ಲ ಕಡೆ ಬರೆದಿರುತ್ತದೆ, ಚಿತ್ರದಲ್ಲೂ ಹಾಗೇ ಇರುತ್ತದೆ. ರಿಲೇಗೆ ಅದು ಸರಿ. ಸೆಕೆಂಡಿಗೆ 20 ಸಾವಿರ ಸಲ ಸ್ವಿಚ್ ಆಗುವ ಮೋಟಾರಿಗೆ ಡಯೋಡ್ ಇರಬೇಕಾದ್ದು ಮಾಸ್ಫೆಟ್ ಪಕ್ಕದಲ್ಲಿ. ಮೋಟಾರ್ ಬಳಿ ಇಟ್ಟರೆ 60 ಸೆಂಟಿಮೀಟರ್ ಕೇಬಲ್ ಪೂರ್ತಿ ಬಿಸಿ ಸುತ್ತಿಗೆ ಸೇರಿಕೊಳ್ಳುತ್ತದೆ. ಹೋಗಿ ಬರುವ ತಂತಿಗಳ ಇಂಡಕ್ಟೆನ್ಸ್ ಅರ್ಧ ಮೈಕ್ರೊಹೆನ್ರಿ ಅಂತಿಟ್ಟರೂ, ಅದೇ ಲೆಕ್ಕದಲ್ಲಿ ಮಾಸ್ಫೆಟ್ ಆಫ್ ಆಗುವಾಗ 24 ವೋಲ್ಟಿನ ಮೇಲೆ ಇನ್ನೊಂದು 50 ವೋಲ್ಟ್ ಏರಬೇಕು. ಅವರದ್ದು 55 ವೋಲ್ಟಿನ ಮಾಸ್ಫೆಟ್. ಅದು ಯಾಕೆ ಅಷ್ಟು ಬಿಸಿಯಾಗುತ್ತಿತ್ತು ಅನ್ನುವುದಕ್ಕೂ ಒಂದು ಕಾರಣ ಸಿಕ್ಕಿತು.

ಮಾಡಿದ್ದು ಇಷ್ಟು. ಸಾಮಾನ್ಯ ರೆಕ್ಟಿಫೈಯರ್ ಡಯೋಡ್ ತೆಗೆದು ಷಾಟ್ಕಿ ಡಯೋಡನ್ನು ಮಾಸ್ಫೆಟ್ ಕಾಲಿನ ಪಕ್ಕದಲ್ಲೇ ಹಾಕಿದೆವು. ಅಲ್ಲೇ 470 ಮೈಕ್ರೊಫ್ಯಾರಡಿನ ಎಲೆಕ್ಟ್ರೋಲಿಟಿಕ್, ಅದರ ಜೊತೆ 1 ಮೈಕ್ರೊಫ್ಯಾರಡಿನ ಸೆರಾಮಿಕ್. ದೊಡ್ಡದು ಕರೆಂಟಿನ ಹೊಟ್ಟೆ ತುಂಬಿಸುತ್ತದೆ, ಆದರೆ ಮೊದಲ ಕೆಲವು ಹತ್ತು ನ್ಯಾನೊಸೆಕೆಂಡಿಗೆ ಅದು ಸೋಮಾರಿ. ಆ ಹೊತ್ತನ್ನು ನಿಭಾಯಿಸುವುದು ಚಿಕ್ಕ ಸೆರಾಮಿಕ್. ಆಮೇಲೆ ಗ್ರೌಂಡ್. ಕಂಟ್ರೋಲ್ ಬೋರ್ಡು, ಎಚ್‌ಎಕ್ಸ್ 711 ಎರಡರ ಗ್ರೌಂಡನ್ನೂ ಮೊದಲು ಒಂದಕ್ಕೊಂದು ಗಿಡ್ಡ ತಂತಿಯಲ್ಲಿ ಸೇರಿಸಿದೆವು. ಅಲ್ಲಿಂದ ಒಂದೇ ತಂತಿ ಆ ಕೆಪಾಸಿಟರಿನ ಮೈನಸ್ ಕಾಲಿಗೆ. ಮೋಟಾರಿನ ಕರೆಂಟು ಹರಿಯುವ ಯಾವ ತಂತಿಯೂ ಈಗ ಆ ಎರಡು ಬೋರ್ಡುಗಳ ನಡುವೆ ಇಲ್ಲ. ಎರಡರಷ್ಟಾಗುವ ಓದು ಅಲ್ಲಿಗೇ ನಿಂತಿತು. ಶೀಲ್ಡ್, ಫಾಯಿಲ್ ಏನೂ ಹಾಕಿರಲಿಲ್ಲ ಇನ್ನೂ.

ಪಿಸಿಬಿ ಮಾಡುವಾಗ ‘ಅನಲಾಗ್ ಗ್ರೌಂಡ್, ಡಿಜಿಟಲ್ ಗ್ರೌಂಡ್, ಪವರ್ ಗ್ರೌಂಡ್’ ಅಂತ ತಾಮ್ರವನ್ನು ಮೂರು ತುಂಡು ಮಾಡಬೇಕಾ ಅಂತ ಎಲ್ಲ ಕಡೆ ಕೇಳುತ್ತಾರೆ. ನನ್ನ ಅಭಿಪ್ರಾಯ, ಬೇಡ. ಒಂದೇ ಇಡೀ ಗ್ರೌಂಡ್ ಪ್ಲೇನ್ ಬಿಡಿ, ಭಾಗಗಳನ್ನು ಬೇರೆ ಬೇರೆ ಮೂಲೆಯಲ್ಲಿ ಕೂರಿಸಿ. ಬಿಸಿ ಸುತ್ತು ಒಂದು ಮೂಲೆ, ಲೋಡ್ ಸೆಲ್ ಕನೆಕ್ಟರ್ ಎದುರು ಮೂಲೆ. ವೇಗದ ಸಿಗ್ನಲ್ಲಿನ ಕರೆಂಟು ವಾಪಸ್ ಬರುವಾಗ ತನ್ನ ಟ್ರೇಸಿನ ಕೆಳಗೇ ಬರಲು ನೋಡುತ್ತದೆ, ಇಂಡಕ್ಟೆನ್ಸ್ ಅಲ್ಲೇ ಕಮ್ಮಿ. ನೀವು ಪ್ಲೇನನ್ನು ಕತ್ತರಿಸಿ ಆ ಸೀಳಿನ ಮೇಲೆ ಒಂದು ಟ್ರೇಸ್ ದಾಟಿಸಿದರೆ, ವಾಪಸ್ ಬರುವ ಕರೆಂಟು ಸುತ್ತು ಹಾಕಿಕೊಂಡು ಬರಬೇಕು. ಆ ಸುತ್ತೇ ಆಂಟೆನಾ. ಪ್ಲೇನ್ ಕತ್ತರಿಸಿ ಗೆದ್ದವರೂ ಇದ್ದಾರೆ, ಆದರೆ ಅವರು ಪ್ರತಿ ಕರೆಂಟೂ ಎಲ್ಲಿ ಹರಿಯುತ್ತದೆ ಅಂತ ಬರೆದುಕೊಂಡು ಕತ್ತರಿಸಿರುತ್ತಾರೆ.

ಈಗ 40 ಗ್ರಾಂ. ಇದು ನನಗೆ ಹೆಚ್ಚು ಇಷ್ಟವಾದ ಭಾಗ. ಹುಡುಗರು ಇದಕ್ಕೆ ನೂರು ಓದುಗಳ ಸರಾಸರಿ ತೆಗೆದಿದ್ದರು. 40 ಗ್ರಾಂ ಹಾಗೇ ಇತ್ತು. ಯಾಕೆ? ಲೋಡ್ ಸೆಲ್ ತಂತಿಯ ಮೇಲೆ ಬರುವ ನಾಯ್ಸ್ ಮೆಗಾಹರ್ಟ್ಸ್‌ಗಳಲ್ಲಿದೆ, ಮೇಲೆ ಎಷ್ಟೋ ಕೆಳಗೆ ಅಷ್ಟೇ. ಆದರೆ ಆಂಪ್ಲಿಫೈಯರಿನ ಒಳಗಿನ ಟ್ರಾನ್ಸಿಸ್ಟರುಗಳು ಆ ವೇಗಕ್ಕೆ ನೇರ ಗೆರೆಯಂತೆ ನಡೆದುಕೊಳ್ಳುವುದಿಲ್ಲ. ಒಂದು ಕಡೆಗೆ ಜಾಸ್ತಿ ವಾಲುತ್ತವೆ. ಹಾಗಾಗಿ ವೇಗದ ನಾಯ್ಸ್ ಚಿಪ್ಪಿನ ಒಳಗೆ ರೆಕ್ಟಿಫೈ ಆಗಿ ಸಣ್ಣ ಡಿಸಿ ವೋಲ್ಟೇಜ್ ಆಗುತ್ತದೆ. 40 ಮೈಕ್ರೊವೋಲ್ಟ್ ಸಾಕು, 40 ಗ್ರಾಂ. ಒಮ್ಮೆ ಡಿಸಿ ಆದ ಮೇಲೆ ಅದಕ್ಕೂ ನಿಜವಾದ ಹಿಟ್ಟಿನ ತೂಕಕ್ಕೂ ವ್ಯತ್ಯಾಸ ಯಾವ ಪ್ರೋಗ್ರಾಮಿಗೂ ಕಾಣುವುದಿಲ್ಲ. ಅದನ್ನು ಚಿಪ್ಪಿಗೆ ಹೋಗುವ ಮೊದಲೇ ತಡೆಯಬೇಕು.

ಅಲ್ಲಿಗೆ ಅದು ಬಂದಿದ್ದು ಹೇಗೆ? ಮೋಟಾರಿನ ಸುರುಳಿಗೂ ಅದರ ಲೋಹದ ಮೈಗೂ ನಡುವೆ ತೆಳು ಇನ್ಸುಲೇಷನ್ ಇದೆ. ಅಂದರೆ ಅದೊಂದು ಕೆಪಾಸಿಟರ್, 200 ಪಿಕೊಫ್ಯಾರಡ್ ಅಂತಿಟ್ಟುಕೊಳ್ಳಿ. ಸುರುಳಿಯ ಒಂದು ತುದಿ 50 ನ್ಯಾನೊಸೆಕೆಂಡಿನಲ್ಲಿ 24 ವೋಲ್ಟ್ ಹಾರುತ್ತಿದೆ. ಪ್ರತಿ ಹಾರಿಕೆಗೂ ಸುಮಾರು 0.1 ಆಂಪಿಯರ್ ಮೋಟಾರಿನ ಮೈಗೆ ನುಗ್ಗುತ್ತದೆ. ಕರೆಂಟು ಹೊರಟಲ್ಲಿಗೆ ವಾಪಸ್ ಹೋಗಲೇಬೇಕಲ್ಲ. ಮೋಟಾರಿನ ಮೈಯಿಂದ ಫ್ರೇಮಿಗೆ, ಫ್ರೇಮಿನಿಂದ ಲೋಡ್ ಸೆಲ್ಲಿನ ಅಲ್ಯೂಮಿನಿಯಂ ಮೈಗೆ, ಅಲ್ಲಿಂದ ಲೋಡ್ ಸೆಲ್ ಕೇಬಲ್ಲಿನ ಶೀಲ್ಡಿಗೆ, ಶೀಲ್ಡಿನಿಂದ ಬೋರ್ಡಿನ ಗ್ರೌಂಡಿಗೆ. ನಾಯ್ಸ್ ತಡೆಯಲಿ ಅಂತ ಹಾಕಿದ ಶೀಲ್ಡೇ ಅದಕ್ಕೆ ದಾರಿ ಮಾಡಿಕೊಟ್ಟಿತ್ತು.

ಮದ್ದು, ಅದಕ್ಕಿಂತ ಗಿಡ್ಡ ದಾರಿ ಕೊಡುವುದು. ಮೋಟಾರ್ ಕೇಬಲ್ ಬದಲಿಸಿ, ಎರಡು ತಂತಿ ಹೊಸೆದ, ಮೇಲೆ ಜಾಲರಿ ಶೀಲ್ಡ್ ಇರುವ ಕೇಬಲ್ ಹಾಕಿದೆವು. ಶೀಲ್ಡಿನ ಒಂದು ತುದಿ ಕ್ಲಾಂಪಿನಿಂದ ಮೋಟಾರಿನ ಮೈಗೆ, ಇನ್ನೊಂದು ತುದಿ ಡ್ರೈವರ್ ಬೋರ್ಡಿನಲ್ಲಿ ಮಾಸ್ಫೆಟ್ ಸೋರ್ಸಿನ ಗ್ರೌಂಡಿಗೆ. ಮೋಟಾರಿನ ಮೈಗೆ ನುಗ್ಗಿದ ಕರೆಂಟು ಈಗ ಅದೇ ಕೇಬಲ್ಲಿನ ಹೊರಮೈ ಹಿಡಿದು ವಾಪಸ್ ಬರುತ್ತದೆ. ಇಲ್ಲಿ ಶೀಲ್ಡನ್ನು ಎರಡೂ ತುದಿಗೆ ಕಟ್ಟಲೇಬೇಕು, ಒಂದೇ ತುದಿಗೆ ಕಟ್ಟಿದರೆ ವಾಪಸ್ ದಾರಿಯೇ ಇರುವುದಿಲ್ಲ. ಕಟ್ಟುವುದೂ ಸುತ್ತಲೂ ಹಿಡಿಯುವ ಕ್ಲಾಂಪಿನಿಂದ. ಜಾಲರಿಯನ್ನು ಹೊಸೆದು ಜುಟ್ಟು ಮಾಡಿ 5 ಸೆಂಟಿಮೀಟರ್ ಎಳೆದು ಸ್ಕ್ರೂಗೆ ಸಿಕ್ಕಿಸಿದರೆ 50 ನ್ಯಾನೊಹೆನ್ರಿ ಸೇರಿಕೊಂಡಿತು. 30 ಮೆಗಾಹರ್ಟ್ಸ್‌ನಲ್ಲಿ ಅದು 9 ಓಮಿಗಿಂತ ಜಾಸ್ತಿ. ಪೇಂಟ್ ಮಾಡಿದ ಜಾಗಕ್ಕೆ ಕ್ಲಾಂಪ್ ಹಾಕಿದರಂತೂ ಕಟ್ಟಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಉಜ್ಜಿ ಲೋಹ ಕಾಣಿಸಬೇಕು.

ಲೋಡ್ ಸೆಲ್ ಕೇಬಲ್ಲಿನ ಮಾತು ಬೇರೆ. ಅಲ್ಲಿ ಸಿಗ್ನಲ್ ನಿಧಾನ, ಮೈಕ್ರೊವೋಲ್ಟಿನದು, ಫ್ರೇಮ್ ಕೊಳಕು. ಅದರ ಶೀಲ್ಡನ್ನು ಸೆಲ್ ಕಡೆ ಬಿಡಿಸಿ, ಬೋರ್ಡಿನ ಕಡೆ ಮಾತ್ರ ಉಳಿಸಿದೆವು. ಕೇಬಲ್ಲನ್ನೂ ಮೋಟಾರ್ ತಂತಿಯ ಕಟ್ಟಿನಿಂದ ಬಿಡಿಸಿ ಫ್ರೇಮಿನ ಇನ್ನೊಂದು ಕಾಲಿನ ಮೇಲೆ ತಂದೆವು. ಎಚ್‌ಎಕ್ಸ್ 711ರ ಒಳಬರುವ ಎರಡು ಎಳೆಗಳಲ್ಲೂ 100 ಓಮ್, ಅವೆರಡರ ನಡುವೆ 0.1 ಮೈಕ್ರೊಫ್ಯಾರಡ್, ಚಿಪ್ಪಿನ ಕಾಲಿಗೆ ಅಂಟಿಸಿದ ಹಾಗೆ. ಒಂದು ಎಚ್ಚರಿಕೆ: ನಾಯ್ಸ್ ಕಮ್ಮಿಯಾಗುತ್ತದೆ ಅಂತ ಮೂರು ಪಿನ್ ಪ್ಲಗ್ಗಿನ ಅರ್ತ್ ಕಿತ್ತು ನೋಡುವವರಿದ್ದಾರೆ. ಫ್ರೇಮಿನ ಅರ್ತ್ ಜೀವ ಉಳಿಸಲಿಕ್ಕೆ ಇರುವುದು, ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ.

ಕೊನೆಗೆ ಹಾರಿಕೆಯ ವೇಗವನ್ನೇ ಇಳಿಸಿದೆವು. ಗೇಟಿಗೆ ಹೋಗುವ 4.7 ಓಮ್ ರೆಸಿಸ್ಟರ್ ಬದಲಿಗೆ 47 ಓಮ್. 50 ನ್ಯಾನೊಸೆಕೆಂಡಿನ ಅಂಚು ಸುಮಾರು 250ಕ್ಕೆ ಬಂತು. ಮೋಟಾರಿನ ಮೈಗೆ ನುಗ್ಗುವ ಕರೆಂಟು ಐದನೇ ಒಂದಾಯಿತು. ಇದು ಬಿಟ್ಟಿಯಲ್ಲ. ಸ್ವಿಚಿಂಗ್‌ನಲ್ಲಿ ಕಳೆಯುವ ಶಕ್ತಿ ಸುಮಾರು 0.12 ವ್ಯಾಟಿನಿಂದ 0.6 ವ್ಯಾಟಿಗೆ ಏರಿತು. ಅರ್ಧ ವ್ಯಾಟಿಗೆ ಇಷ್ಟು ನೆಮ್ಮದಿ ಸಿಗುವುದಾದರೆ ಕೊಡೋಣ. 50 ಆಂಪಿಯರಿನ ಮೋಟಾರಾಗಿದ್ದರೆ ಯೋಚಿಸಬೇಕಿತ್ತು. ಎಲ್ಲ ಆದ ಮೇಲೆ 40 ಗ್ರಾಂ ಒಂದೆರಡು ಗ್ರಾಮಿಗೆ ಇಳಿಯಿತು.

ಆ ಒಂದೆರಡು ಗ್ರಾಂ ಬ್ರಷ್ ಕಿಡಿಯದು. ಅದಕ್ಕೆ ಮೋಟಾರ್ ಟರ್ಮಿನಲ್ ಮೇಲೆ 0.1 ಮೈಕ್ರೊಫ್ಯಾರಡ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನೇರವಾಗಿ ಬ್ಯಾಟರಿಯಲ್ಲಿ ಓಡುವ ಮೋಟಾರಿಗೆ ಸರಿ. ನಮ್ಮ ಮಾಸ್ಫೆಟ್ ಆ ಕೆಪಾಸಿಟರನ್ನು ಸೆಕೆಂಡಿಗೆ 20 ಸಾವಿರ ಸಲ 24 ವೋಲ್ಟಿಗೆ ತುಂಬಿ ಖಾಲಿ ಮಾಡಬೇಕು. ಲೆಕ್ಕ ಹಾಕಿದರೆ ಸುಮಾರು 1.15 ವ್ಯಾಟ್ ಸುಮ್ಮನೆ ಬಿಸಿಯಾಗಿ ಹೋಗುತ್ತದೆ, ಜೊತೆಗೆ ಪ್ರತಿ ಸಲವೂ ಚೂಪಾದ ಕರೆಂಟಿನ ಮುಳ್ಳು. ನಾಯ್ಸ್ ಕಮ್ಮಿ ಮಾಡಲು ಹೋಗಿ ಜಾಸ್ತಿ ಮಾಡಿಕೊಂಡಂತೆ. ನಾವು ಟರ್ಮಿನಲ್ಲಿನಿಂದ ಮೈಗೆ ಒಂದೊಂದು 4.7 ನ್ಯಾನೊಫ್ಯಾರಡ್ ಹಾಕಿದೆವು, ಕಾಲು ಆದಷ್ಟು ಗಿಡ್ಡ ಕತ್ತರಿಸಿ.

ಆಸಿಲೋಸ್ಕೋಪ್ ಇರುವವರಿಗೆ ಒಂದು ಮಾತು. ಪ್ರೋಬಿನ ಗ್ರೌಂಡ್ ಕ್ಲಿಪ್ ತಂತಿ ಉದ್ದ ಇರುತ್ತದಲ್ಲ, ಅದೂ ಒಂದು ಸುತ್ತೇ. ಪ್ರೋಬಿನ ತುದಿಯನ್ನು ಅದರದೇ ಕ್ಲಿಪ್ಪಿಗೆ ಸಿಕ್ಕಿಸಿ ಬೋರ್ಡಿನ ಹತ್ತಿರ ಹಿಡಿಯಿರಿ. ಯಾವುದಕ್ಕೂ ಮುಟ್ಟಿಸದೆಯೇ ಅದೇ ಮುಳ್ಳುಗಳು ಪರದೆಯಲ್ಲಿ ಕಂಡರೆ, ನೀವು ಇಷ್ಟು ಹೊತ್ತು ನೋಡಿದ್ದು ಪ್ರೋಬ್ ಹಿಡಿದ ನಾಯ್ಸ್. ಸ್ಕೋಪ್ ಇಲ್ಲದವರು ಹಳೇ ಮೀಡಿಯಂ ವೇವ್ ರೇಡಿಯೊ ತನ್ನಿ. ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ಮಷೀನಿನ ಸುತ್ತ ಆಡಿಸಿ. ಎಲ್ಲಿ ಗುರ್ರ್ ಅನ್ನುವುದು ಜಾಸ್ತಿಯೋ ಅಲ್ಲಿಂದ ಹುಡುಕಲು ಶುರು ಮಾಡಬಹುದು. ಅಳತೆ ಸಿಗುವುದಿಲ್ಲ, ಜಾಗ ಸಿಗುತ್ತದೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ‘ಇಷ್ಟೆಲ್ಲ ಯಾಕೆ ಸರ್, ಮೋಟಾರ್ ನಿಲ್ಲಿಸಿ ತೂಕ ಓದಿದರೆ ಆಗದಾ?’ ಆಗುತ್ತದೆ, ಒಳ್ಳೆಯ ಉಪಾಯವೇ. ಆದರೆ ಈ ಚಿಪ್ ಸೆಕೆಂಡಿಗೆ 10 ಓದಿನ ವೇಗದಲ್ಲಿದ್ದಾಗ ಹೊಸ ತೂಕಕ್ಕೆ ಬಂದು ನಿಲ್ಲಲು 400 ಮಿಲಿಸೆಕೆಂಡ್ ಬೇಕು, 80 ಓದಿನ ವೇಗದಲ್ಲಿ 50 ಮಿಲಿಸೆಕೆಂಡ್. ಸುಳ್ಳು ಪಲ್ಸ್‌ನಿಂದ ಚಿಪ್ ದಾರಿ ತಪ್ಪಿದ್ದರೆ, ಕ್ಲಾಕ್ ತಂತಿಯನ್ನು 60 ಮೈಕ್ರೊಸೆಕೆಂಡಿಗಿಂತ ಜಾಸ್ತಿ ಹೊತ್ತು ಮೇಲೆ ಹಿಡಿದು ಇಳಿಸಬೇಕು. ಆಗ ಅದು ಮತ್ತೆ ಚಾನಲ್ ಎ, 128 ಪಟ್ಟಿನಿಂದ ಶುರು ಮಾಡುತ್ತದೆ. ಹುಡುಗರು ಈಗ ಎರಡನ್ನೂ ಸೇರಿಸಿದ್ದಾರೆ. ಮುಕ್ಕಾಲು ಪ್ಯಾಕೆಟ್ ತುಂಬುವವರೆಗೆ ಮೋಟಾರ್ ಓಡುತ್ತಲೇ ತೂಕ ಓದುತ್ತದೆ. ಕೊನೆಯ ಸ್ವಲ್ಪ ಹಿಟ್ಟನ್ನು ನಿಲ್ಲಿಸಿ, ತೂಗಿ, ಮತ್ತೆ ತಳ್ಳಿ ಮುಗಿಸುತ್ತದೆ.